ಮಿತಿ ಬರೆಯದ ಪುಡಿಗೂ ಒಂದು ಲೆಕ್ಕವಿದೆ

ಉತ್ತರ ಕರ್ನಾಟಕದ ನೇಕಾರರ ಊರೊಂದರಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಸಣ್ಣ ಘಟಕ. ಒಳಗೆ ಹೋದರೆ ಎಡಗಡೆ ಬಣ್ಣ ತೂಗುವ ಕೋಣೆ. ಕಡಪಾ ಕಲ್ಲಿನ ಕಟ್ಟೆಯ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿ, ಸುತ್ತ ಬಾಯಿ ತೆರೆದ ಮೂರು ಡಬ್ಬಗಳು. ಒಂದರಲ್ಲಿ ಸೋಡಾ, ಇನ್ನೊಂದರಲ್ಲಿ ಹೈಡ್ರೋಸ್, ಮೂರನೆಯದರಲ್ಲಿ ಕಪ್ಪು ರಿಯಾಕ್ಟಿವ್ ಬಣ್ಣ. ಬೆಳಗಿನ ಹೊತ್ತು ಮೇಲಿನ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಕಟ್ಟೆಯ ಮೇಲೆ ಇಳಿಯುತ್ತದೆ. ತೂಗುವವನು ಸೌಟಿನಲ್ಲಿ ಬಣ್ಣದ ಪುಡಿ ತೆಗೆದು ತಕ್ಕಡಿಯ ಬಕೆಟ್ಟಿಗೆ ಸುರಿದಾಗಲೆಲ್ಲ ಆ ಕೋಲಿನೊಳಗೆ ನೀಲಿ-ಕಪ್ಪು ಹೊಗೆಯಂಥದ್ದು ಎದ್ದು ಬಹಳ ಹೊತ್ತು ಅಲ್ಲೇ ತೇಲುತ್ತಿತ್ತು. ಬಿಸಿಲು ಬೀಳದ ಜಾಗದಲ್ಲಿ ಏನೂ ಕಾಣುತ್ತಿರಲಿಲ್ಲ. ಅವನ ಮುಖ ಇದ್ದದ್ದು ಬಿಸಿಲು ಬೀಳದ ಜಾಗದಲ್ಲಿ.

ಘಟಕದ ಮಾಲೀಕರು ಕಾಗದ ಪತ್ರಗಳನ್ನು ಅಚ್ಚುಕಟ್ಟಾಗಿ ಇಟ್ಟವರು. ಮೂರೂ ವಸ್ತುಗಳ ಸುರಕ್ಷತಾ ಮಾಹಿತಿ ಪತ್ರ, ಎಂದರೆ ಎಲ್ಲರೂ ಎಂಎಸ್‌ಡಿಎಸ್ ಎನ್ನುವ ಆ ಹಲವು ಪುಟಗಳ ಕಾಗದ, ಅವರ ಫೈಲಿನಲ್ಲಿತ್ತು. ಎಂಟನೆಯ ವಿಭಾಗ ತೆರೆದು ತೋರಿಸಿದರು. ಕೆಲಸದ ಜಾಗದ ಗಾಳಿಯಲ್ಲಿ ಈ ವಸ್ತು ಎಷ್ಟಿದ್ದರೆ ಸರಿ, ಎಷ್ಟು ಮೀರಬಾರದು ಎಂಬ ಅಂಕಿ ಇರಬೇಕಾದ ಜಾಗ ಅದು. ಬಣ್ಣದ ಕಾಗದದಲ್ಲಿ ಅಲ್ಲಿ ಮಿತಿ ಇಲ್ಲ ಎಂದಷ್ಟೇ ಇತ್ತು.

"ಇದಕ್ಕ ಲಿಮಿಟ್ ಅಂತ ಏನೂ ಬರದಿಲ್ಲ ನೋಡ್ರಿ ಸರ. ಅಂದ್ರ ಅಷ್ಟೇನ ಅಪಾಯ ಇಲ್ಲ ಅಂತ ನಾವ ತಿಳ್ಕೊಂಡೀವಿ" ಎಂದರು.

ಈ ಲೇಖನ ಬರೆಯಲು ಕುಳಿತದ್ದೇ ಆ ಮಾತಿಗಾಗಿ. ಅವರದು ತಪ್ಪು ಎನ್ನುವುದು ಸುಲಭ. ಆದರೆ ಮಿತಿಯ ಜಾಗ ಖಾಲಿ ಇದ್ದಾಗ ಮತ್ತೇನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಿತಿ ಇಲ್ಲ ಎಂದರೆ ಯಾರೋ ಪರೀಕ್ಷೆ ಮಾಡಿ ನಿರಪಾಯ ಎಂದು ಸಾರಿದ್ದಾರೆ ಎಂದಲ್ಲ. ಆ ವಸ್ತುವಿನ ಮುಂದೆ ಯಾರೂ ಇನ್ನೂ ಕೂತು ಲೆಕ್ಕ ಹಾಕಿಲ್ಲ ಎಂದಷ್ಟೇ. ಭೋಪಾಲ ದುರಂತವಾದ ಮೇಲೆ 1987ರಲ್ಲಿ ನಮ್ಮ ಕಾರ್ಖಾನೆ ಕಾಯ್ದೆಗೆ ಹೊಸ ಅಧ್ಯಾಯವೊಂದು ಸೇರಿತು. ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದು ಎಂಬ ಪಟ್ಟಿ, ಅಂದರೆ ಎರಡನೆಯ ಶೆಡ್ಯೂಲ್, ಬಂದದ್ದು ಆಗಲೇ. ಅದರಲ್ಲಿರುವುದು ನೂರ ಚಿಲ್ಲರೆ ವಸ್ತುಗಳು. ಜಗತ್ತಿನ ದೊಡ್ಡ ಪಟ್ಟಿಗಳಲ್ಲೂ ಕೆಲವು ನೂರು ಹೆಸರು ಸಿಗುತ್ತವೆ, ಅಷ್ಟೆ. ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವ ರಾಸಾಯನಿಕಗಳಾದರೋ ಹತ್ತಾರು ಸಾವಿರ. ಒಂದೊಂದು ಅಂಕಿಯ ಹಿಂದೆಯೂ ಪ್ರಾಣಿಗಳ ಮೇಲಿನ ಪರೀಕ್ಷೆ, ಕಾರ್ಮಿಕರ ಆರೋಗ್ಯದ ದಾಖಲೆ, ತಜ್ಞರ ವರ್ಷಗಟ್ಟಲೆಯ ಚರ್ಚೆ ಇರುತ್ತದೆ. ಬಣ್ಣದ ಕಂಪನಿಗಳು ಹೊಸ ಹೊಸ ಬಣ್ಣ ತರುವ ವೇಗಕ್ಕೆ ಆ ಕೆಲಸ ಎಂದೂ ಸರಿಸಾಟಿಯಾಗದು. ಇನ್ನು ಮಿತಿ ಇದ್ದರೂ ಸಣ್ಣ ಘಟಕಕ್ಕೆ ಅದರಿಂದ ಆಗುವ ಉಪಯೋಗ ಕಡಿಮೆ. ಗಾಳಿಯ ಮಾದರಿ ಎಳೆಯುವ ಪಂಪು, ಫಿಲ್ಟರು, ಪ್ರಯೋಗಾಲಯ ಎಲ್ಲ ಸೇರಿಸಿದರೆ ತಿಂಗಳ ಲಾಭ ಅಲ್ಲೇ ಮುಗಿಯಿತು.

ಈ ಕಗ್ಗಂಟನ್ನು ಮೊದಲು ಬಿಡಿಸಲು ಹೊರಟವರು ಔಷಧ ಕಂಪನಿಗಳವರು. ಹೊಸದಾಗಿ ಕಂಡುಹಿಡಿದ ಔಷಧದ ಪುಡಿಗೆ ಮಿತಿ ಎಲ್ಲಿಂದ ಬರಬೇಕು? ಆದರೂ ಅದನ್ನು ನಾಳೆಯೇ ಯಾರಾದರೂ ತೂಗಬೇಕು, ಅರೆಯಬೇಕು. ಹಾಗಾಗಿ ಅವರು ಖಚಿತ ಅಂಕಿಗೆ ಕಾಯುತ್ತ ಕೂರದೆ, ಗೊತ್ತಿರುವ ಗುಣಗಳನ್ನು ನೋಡಿ ವಸ್ತುವನ್ನು ಒಂದು ಗುಂಪಿಗೆ ಹಾಕಿ, ಆ ಗುಂಪಿಗೆಲ್ಲ ಒಂದೇ ಬಗೆಯ ಏರ್ಪಾಡು ಎಂದು ಮಾಡಿಕೊಂಡರು. ಅದೇ ಆಲೋಚನೆಯನ್ನು ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ 1999ರಲ್ಲಿ ಸಣ್ಣ ಉದ್ಯಮದವರಿಗೂ ಎಟುಕುವಂತೆ ಸರಳಗೊಳಿಸಿ ಒಂದು ಕೈಪಿಡಿಯಾಗಿ ತಂದಿತು. ಅದರ ಹೆಸರು ಕಾಶ್ ಎಸೆನ್ಷಿಯಲ್ಸ್. ಮುಂದೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಅದೇ ಅಚ್ಚಿನಲ್ಲಿ ಇತರ ದೇಶಗಳಿಗೆ ಒಂದು ಕೈಪಿಡಿ ರೂಪಿಸಿತು. ಈ ವಿಧಾನಕ್ಕೆ ಕಂಟ್ರೋಲ್ ಬ್ಯಾಂಡಿಂಗ್ ಎಂಬ ಹೆಸರು ನಿಂತಿತು.

ಅದು ಕೇಳುವುದು ಮೂರೇ ಪ್ರಶ್ನೆ. ವಸ್ತು ಎಷ್ಟು ಕೆಡುಕಿನದು? ಒಂದು ಸಲಕ್ಕೆ ಎಷ್ಟು ಬಳಸುತ್ತೀರಿ? ಅದು ಎಷ್ಟು ಸುಲಭವಾಗಿ ಗಾಳಿಗೆ ಏರುತ್ತದೆ? ಮೂರಕ್ಕೂ ಉತ್ತರ ಸಿಕ್ಕರೆ ಕೋಷ್ಟಕವೊಂದರಲ್ಲಿ ಬೆರಳಿಟ್ಟು ನೋಡಬಹುದು. 1ರಿಂದ 4ರವರೆಗಿನ ಒಂದು ಅಂಕಿ ಸಿಗುತ್ತದೆ. 1 ಎಂದರೆ ಕೋಣೆಗೆ ಒಳ್ಳೆಯ ಗಾಳಿ ಬೆಳಕು, ಜೊತೆಗೆ ಕೆಲಸದಲ್ಲಿ ಶಿಸ್ತು. 2 ಎಂದರೆ ದೂಳು ಏಳುವ ಜಾಗದಲ್ಲೇ ಅದನ್ನು ಎಳೆದುಕೊಳ್ಳುವ ಹುಡ್ ಮತ್ತು ಪೈಪು. 3 ಎಂದರೆ ವಸ್ತು ಹೊರಗೇ ಬಾರದಂತೆ ಮುಚ್ಚಿದ ವ್ಯವಸ್ಥೆ. 4 ಎಂದರೆ ಈ ಕೋಷ್ಟಕ ನಿಮಗೆ ಸಾಲದು, ತಿಳಿದವರನ್ನು ಕರೆಸಿ. ಸ್ಥೂಲವಾಗಿ 1ರಿಂದ 2ಕ್ಕೆ ಹೋದರೆ ಗಾಳಿಯಲ್ಲಿನ ಪ್ರಮಾಣ ಹತ್ತನೇ ಒಂದಕ್ಕೆ ಇಳಿಯುತ್ತದೆ, 3ಕ್ಕೆ ಹೋದರೆ ನೂರನೇ ಒಂದಕ್ಕೆ ಎಂಬ ಅಂದಾಜಿನ ಮೇಲೆ ಇದು ನಿಂತಿದೆ.

ಮೊದಲ ಪ್ರಶ್ನೆಗೆ ಉತ್ತರ ಅದೇ ಮಾಹಿತಿ ಪತ್ರದಲ್ಲಿ, ಖಾಲಿ ಇದ್ದ ಎಂಟನೆಯ ವಿಭಾಗದಲ್ಲಲ್ಲ, ಎರಡನೆಯ ವಿಭಾಗದಲ್ಲಿದೆ. ಅಲ್ಲಿ H ಅಕ್ಷರದ ಮುಂದೆ ಮೂರಂಕಿಯ ಸಂಖ್ಯೆಗಳಿರುತ್ತವೆ. ರಾಸಾಯನಿಕಗಳ ಅಪಾಯವನ್ನು ಎಲ್ಲ ದೇಶಗಳಲ್ಲೂ ಒಂದೇ ರೀತಿ ಬರೆಯಬೇಕೆಂದು ವಿಶ್ವಸಂಸ್ಥೆ ಮಾಡಿದ ಪದ್ಧತಿ ಅದು. H302 ಎಂದರೆ ನುಂಗಿದರೆ ಹಾನಿ. H319 ಎಂದರೆ ಕಣ್ಣಿಗೆ ತೀವ್ರ ಉರಿ. H334 ಎಂದರೆ ಉಸಿರಾಟದ ಮೂಲಕ ಅಲರ್ಜಿ ಅಥವಾ ಆಸ್ತಮಾ ತರಬಹುದು. ಮೂರರಿಂದ ಶುರುವಾಗುವ ಸಂಖ್ಯೆಗಳೆಲ್ಲ ಆರೋಗ್ಯಕ್ಕೆ ಸೇರಿದವು, ಎರಡರಿಂದ ಶುರುವಾಗುವವು ಬೆಂಕಿ ಸ್ಫೋಟಗಳಿಗೆ ಸೇರಿದವು. ಈ ಸಂಖ್ಯೆಗಳನ್ನು ನೋಡಿ ವಸ್ತುವನ್ನು ಎ, ಬಿ, ಸಿ, ಡಿ, ಇ ಎಂಬ ಐದು ಗುಂಪಿನಲ್ಲಿ ಒಂದಕ್ಕೆ ಹಾಕುತ್ತಾರೆ. ಎ ಗುಂಪು ಸೌಮ್ಯ, ಇ ಗುಂಪು ಅತಿ ಕೆಡುಕಿನದು. ಒಂದೇ ವಸ್ತುವಿಗೆ ಹಲವು ಸಂಖ್ಯೆಗಳಿದ್ದರೆ ಅವುಗಳಲ್ಲಿ ಅತಿ ಕೆಟ್ಟದ್ದು ಯಾವ ಗುಂಪಿಗೆ ಎಳೆಯುತ್ತದೋ ಅದೇ ಗುಂಪು.

ಗುಂಪುಗಳ ಹಿಂದೆ ಅಂಕಿ ಇಲ್ಲವೇ ಇಲ್ಲ ಎಂದಲ್ಲ. ದೂಳಿನ ವಿಷಯದಲ್ಲಿ ಎ ಗುಂಪಿನ ವಸ್ತುವನ್ನು ಒಂದು ಘನ ಮೀಟರ್ ಗಾಳಿಯಲ್ಲಿ 1ರಿಂದ 10 ಮಿಲಿಗ್ರಾಂ ಒಳಗೆ ಹಿಡಿದಿಟ್ಟರೆ ಸಾಕು ಎಂದು ಲೆಕ್ಕ. ಬಿ ಗುಂಪಿಗೆ ಅದರ ಹತ್ತನೇ ಒಂದು, ಸಿ ಗುಂಪಿಗೆ ಮತ್ತೂ ಹತ್ತನೇ ಒಂದು, ಡಿ ಗುಂಪಿಗೆ ಅದಕ್ಕಿಂತಲೂ ಕಡಿಮೆ. ಸಿ ಗುಂಪಿನ ಗುರಿ ಎಷ್ಟು ಬಿಗಿಯೆಂದರೆ, ಅಡುಗೆ ಮನೆಯ ಒಂದು ಉಪ್ಪಿನ ಹರಳನ್ನು ಅರೆದು, ಉದ್ದ ಅಗಲ ಎತ್ತರ ಮೂರೂ ಒಂದೊಂದು ಮೀಟರ್ ಇರುವ ಪೆಟ್ಟಿಗೆಯ ಗಾಳಿಯಲ್ಲಿ ಹರಡಿದಷ್ಟು. ಕಣ್ಣಿಗೆ ದೂಳು ಕಾಣುತ್ತಿದೆ ಎಂದರೆ ಆ ಗುರಿ ಎಂದೋ ದಾಟಿಹೋಗಿರುತ್ತದೆ.

ಎರಡನೆಯ ಪ್ರಶ್ನೆ ಪ್ರಮಾಣದ್ದು. ಅದಕ್ಕೆ ತಕ್ಕಡಿಯೂ ಬೇಡ. ಗ್ರಾಂ ಲೆಕ್ಕದಲ್ಲಿ ಬಳಸಿದರೆ ಸಣ್ಣದು, ಕಿಲೋ ಲೆಕ್ಕದಲ್ಲಾದರೆ ಮಧ್ಯಮ, ಟನ್ ಲೆಕ್ಕದಲ್ಲಾದರೆ ದೊಡ್ಡದು. ಮೂರನೆಯದು ದೂಳಿನ ಸ್ವಭಾವ. ಗುಳಿಗೆಯಂತೆ, ಮೇಣದ ಚೂರಿನಂತೆ ಇದ್ದು ದೂಳೇ ಏಳದಿದ್ದರೆ ಕಡಿಮೆ. ಸಕ್ಕರೆಯಂಥ ಹರಳಾಗಿದ್ದು, ದೂಳೆದ್ದರೂ ಕೂಡಲೇ ಕೆಳಗೆ ಕೂತರೆ ಮಧ್ಯಮ. ಸಿಮೆಂಟಿನಂತೆ ನುಣುಪಾಗಿ, ಎದ್ದ ದೂಳು ಹಲವು ನಿಮಿಷ ಗಾಳಿಯಲ್ಲೇ ನಿಂತರೆ ಹೆಚ್ಚು. ಇದನ್ನು ತೀರ್ಮಾನಿಸಲು ಆ ಕೋಣೆಯ ಬೆಳಕಿಂಡಿಗಿಂತ ಒಳ್ಳೆಯ ಉಪಕರಣ ನನಗೆ ಬೇಕಿರಲಿಲ್ಲ. ಬಿಸಿಲಿಲ್ಲದಿದ್ದರೆ ಕೋಣೆ ಕತ್ತಲಾಗಿಸಿ, ಪ್ರಖರವಾದ ಟಾರ್ಚನ್ನು ದೂಳಿನ ಆಚೆ ಬದಿಯಿಂದ ನಮ್ಮ ಕಡೆಗೆ ಹಿಡಿದು, ಬಲ್ಬು ಕಣ್ಣಿಗೆ ಹೊಡೆಯದಂತೆ ಮರೆ ಮಾಡಿ ನೋಡಿದರೂ ಸಾಕು.

ಈಗ ಕಟ್ಟೆಯ ಮೇಲಿನ ಡಬ್ಬಗಳಿಗೆ ಬರೋಣ. ಹೈಡ್ರೋಸ್ ಎಂದರೆ ಸೋಡಿಯಂ ಹೈಡ್ರೋಸಲ್ಫೈಟ್, ವ್ಯಾಟ್ ಬಣ್ಣಗಳನ್ನು ಕರಗಿಸಲು ಬೇಕಾಗುವ ಬಿಳಿ ಪುಡಿ. ಅದರ ಪತ್ರದಲ್ಲಿದ್ದ ಆರೋಗ್ಯದ ಸಂಖ್ಯೆ H302. ಅದು ಬಿ ಗುಂಪು. ಐನೂರು ಲೀಟರ್ ತೊಟ್ಟಿಗೆ ಮೂರು ಕಿಲೋ ತೂಗುತ್ತಿದ್ದರು, ಎಂದರೆ ಮಧ್ಯಮ. ಸೌಟಿನಿಂದ ಸುರಿದಾಗ ದೂಳೆದ್ದು ಬೇಗ ಕೂರುತ್ತಿತ್ತು, ಅದೂ ಮಧ್ಯಮ. ಬಿ ಗುಂಪು, ಕಿಲೋ ಲೆಕ್ಕ, ಮಧ್ಯಮ ದೂಳು: ಕೋಷ್ಟಕ 2 ಎನ್ನುತ್ತದೆ. ಎಳೆಯುವ ಹುಡ್ ಬೇಕು.

ಸೋಡಾದ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಐವತ್ತು ಕಿಲೋ ನೂಲಿನ ಕಪ್ಪು ಬಣ್ಣಕ್ಕೆ ಹತ್ತು ಕಿಲೋ ಸೋಡಾ ಬೇಕು. ಅದರ ಸಂಖ್ಯೆ H319, ಎ ಗುಂಪು, ಎಲ್ಲಕ್ಕಿಂತ ಸೌಮ್ಯ. ಹಾಗಾದರೆ ಕಿಟಕಿ ತೆರೆದಿಟ್ಟರೆ ಸಾಕಲ್ಲ ಎನಿಸುತ್ತದೆ. ಆದರೆ ಅಂಗಡಿಯಲ್ಲಿ ಸೋಡಾ ಎರಡು ರೂಪದಲ್ಲಿ ಸಿಗುತ್ತದೆ. ಲೈಟ್ ಎನ್ನುವುದು ಹಿಟ್ಟಿನಂಥ ಹಗುರ ಪುಡಿ, ಡೆನ್ಸ್ ಎನ್ನುವುದು ರವೆಯಂಥ ಭಾರದ ಕಾಳು. ಅಲ್ಲಿದ್ದದ್ದು ಲೈಟ್. ಬಿಸಿಲಿನ ಕೋಲಿನಲ್ಲಿ ಅದರ ದೂಳು ಇಳಿಯುವ ಲಕ್ಷಣವೇ ಇರಲಿಲ್ಲ. ಎ ಗುಂಪು, ಕಿಲೋ ಲೆಕ್ಕ, ಹೆಚ್ಚು ದೂಳು ಎಂದರೆ ಉತ್ತರ 2. ಅದೇ ಡೆನ್ಸ್ ತಂದರೆ ದೂಳು ಮಧ್ಯಮಕ್ಕೆ ಇಳಿದು ಉತ್ತರ 1 ಆಗುತ್ತದೆ. ತೊಟ್ಟಿಯಲ್ಲಿ ಎರಡೂ ಒಂದೇ ಸೋಡಾ. ಡೆನ್ಸ್ ಕರಗಲು ಸ್ವಲ್ಪ ಹೆಚ್ಚು ಹೊತ್ತು ಕಲಕಬೇಕು, ಅಷ್ಟೆ. ಹುಡ್ಡಿಗೆ ಸುರಿಯಬೇಕಾಗಿದ್ದ ದುಡ್ಡು ಅಂಗಡಿಯ ಚೀಟಿಯಲ್ಲಿ ಒಂದು ಪದ ಬದಲಿಸಿದ್ದಕ್ಕೆ ಉಳಿಯಿತು. ಈ ವಿಧಾನದಲ್ಲಿ ನನಗೆ ಅತಿ ಮೆಚ್ಚಿಗೆಯಾದ ಗುಣ ಇದೇ. ವಸ್ತುವಿನ ಕೆಡುಕನ್ನು ನಾವು ಬದಲಿಸಲಾರೆವು, ಆದರೆ ಉಳಿದೆರಡು ಉತ್ತರಗಳು ನಮ್ಮ ಕೈಯಲ್ಲಿವೆ ಎಂಬುದನ್ನು ಅದು ಎದುರಿಗಿಟ್ಟು ತೋರಿಸುತ್ತದೆ.

ಆ ಕೈಯಲ್ಲಿರುವುದನ್ನೇ ದುರುಪಯೋಗ ಮಾಡಿಕೊಳ್ಳುವುದನ್ನೂ ಕಂಡಿದ್ದೇನೆ. ಕಿಲೋ ಎಂದರೆ 2 ಬರುತ್ತದೆ, ಗ್ರಾಂ ಎಂದರೆ 1 ಬರುತ್ತದೆ ಎಂದು ತಿಳಿದವರು ಮೂರು ಕಿಲೋವನ್ನು ಐನೂರು ಗ್ರಾಂನಂತೆ ಆರು ಸಲ ತೂಗಿ, ನಾವು ಬಳಸುವುದು ಸಣ್ಣ ಪ್ರಮಾಣ ಎಂದು ಬರೆದುಕೊಳ್ಳುತ್ತಾರೆ. ಆರು ಸಲ ಸುರಿದರೆ ಆರು ಸಲ ದೂಳೇಳುತ್ತದೆ. ಮೂಗಿಗೆ ಹೋಗುವುದು ಕಡಿಮೆಯಾಗಲಿಲ್ಲ.

ಮೂರನೆಯ ಡಬ್ಬದಲ್ಲಿದ್ದದ್ದು ರಿಯಾಕ್ಟಿವ್ ಬ್ಲ್ಯಾಕ್ 5. ಹತ್ತಿ ನೂಲಿಗೆ ಕಪ್ಪು ಎಂದರೆ ಎಲ್ಲೆಡೆ ಬಳಸುವ ಬಣ್ಣ ಅದು. ರಿಯಾಕ್ಟಿವ್ ಬಣ್ಣಗಳು ಹತ್ತಿಗೆ ಬರೀ ಅಂಟಿಕೊಳ್ಳುವುದಿಲ್ಲ, ಹತ್ತಿಯ ನಾರಿನೊಂದಿಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತವೆ. ಅದಕ್ಕೇ ಒಗೆದರೂ ಬಿಡುವುದಿಲ್ಲ. ಸೀರೆಗೆ ವರವಾದ ಆ ಗುಣವೇ ಶ್ವಾಸಕ್ಕೆ ಶಾಪ. ಉಸಿರಿನೊಂದಿಗೆ ಒಳಗೆ ಹೋದ ಬಣ್ಣ ನಮ್ಮ ಮೈಯ ಪ್ರೋಟೀನಿನೊಂದಿಗೂ ಹಾಗೆಯೇ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದ ಪ್ರೋಟೀನನ್ನು ದೇಹ ಪರಕೀಯವೆಂದು ಗುರುತಿಟ್ಟುಕೊಂಡುಬಿಟ್ಟರೆ, ಮುಂದೆ ಚೂರೇ ಚೂರು ದೂಳು ತಾಗಿದರೂ ಶ್ವಾಸನಾಳ ಬಿಗಿದುಕೊಳ್ಳುತ್ತದೆ. ಬ್ರಿಟನ್ನಿನ ಡೈ ಹೌಸುಗಳಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನಗಳಲ್ಲಿ ಹೀಗೆ ಆಸ್ತಮಾ ಹಿಡಿದ ಕೆಲಸಗಾರರ ರಕ್ತದಲ್ಲಿ ಆಯಾ ಬಣ್ಣದ ವಿರುದ್ಧವೇ ಹುಟ್ಟಿದ ಪ್ರತಿಕಾಯಗಳು ಕಂಡುಬಂದಿದ್ದವು.

ಪತ್ರದಲ್ಲಿ ಎರಡು ಸಂಖ್ಯೆಗಳಿದ್ದವು, H317 ಮತ್ತು H334. ಮೊದಲನೆಯದು ಚರ್ಮದ ಅಲರ್ಜಿ, ಅದು ಸಿ ಗುಂಪು. ಎರಡನೆಯದು ಉಸಿರಾಟದ ಅಲರ್ಜಿ, ಅದು ಇ ಗುಂಪು. ಕೆಟ್ಟದ್ದೇ ಗೆಲ್ಲಬೇಕಲ್ಲ, ಹಾಗಾಗಿ ಇ. ಕ್ಯಾನ್ಸರ್ ತರುತ್ತವೆಂದು ಖಾತ್ರಿಯಾದ ವಸ್ತುಗಳು, ವಂಶವಾಹಿಗೆ ಪೆಟ್ಟು ಕೊಡುವ ವಸ್ತುಗಳು ಇರುವ ಗುಂಪು ಅದು. ಇ ಗುಂಪಿಗೆ ಕೋಷ್ಟಕದಲ್ಲಿ ಪ್ರಮಾಣ ನೋಡುವಂತಿಲ್ಲ, ದೂಳು ನೋಡುವಂತಿಲ್ಲ. ಎಲ್ಲ ಮನೆಗಳಲ್ಲೂ 4. ಕಾರಣ ಸರಳ: ಅಲರ್ಜಿಯ ವಿಷಯದಲ್ಲಿ ಇಷ್ಟಕ್ಕಿಂತ ಕಡಿಮೆಯಾದರೆ ಯಾರಿಗೂ ಏನೂ ಆಗದು ಎಂದು ಗೆರೆ ಎಳೆಯಲು ಬರುವುದಿಲ್ಲ.

ಮಾಲೀಕರು ಮಿತಿ ಬರೆದಿಲ್ಲವಾದ್ದರಿಂದ ಅಪಾಯವಿಲ್ಲ ಎಂದುಕೊಂಡಿದ್ದ ಡಬ್ಬವೇ ಮೂರರಲ್ಲಿ ಅತಿ ಕೆಡುಕಿನದಾಗಿತ್ತು. ತೂಗುವ ಹುಡುಗನನ್ನು ಪಕ್ಕಕ್ಕೆ ಕರೆದು ಕೇಳಿದೆ. "ಕೆಲಸದಾಗ ಇದ್ದಾಗ ಏನೂ ಅನಸಂಗಿಲ್ರಿ. ರಾತ್ರಿ ಮಲಗಿದಾಗ ಎದಿ ಬಿಗೀತೈತಿ, ಕೆಮ್ಮ ಬರತೈತಿ. ರವಿವಾರ ಆರಾಮ ಇರತೈತ್ರಿ. ಸೋಮವಾರ ರಾತ್ರಿ ಮತ್ತ ಶುರು" ಎಂದ. ರಜೆಯ ದಿನ ಕಡಿಮೆಯಾಗಿ ಕೆಲಸದ ದಿನ ಮರುಕಳಿಸುವುದು ಕೆಲಸದಿಂದ ಬರುವ ಆಸ್ತಮಾದ ಮೊದಲ ಸುಳಿವು. ರಾತ್ರಿ ಬರುವುದರಿಂದ ಯಾರೂ ಅದನ್ನು ಬಣ್ಣಕ್ಕೆ ತಳಕು ಹಾಕುವುದಿಲ್ಲ. ಅವನೂ ಥಂಡಿ ಎಂದುಕೊಂಡು ಕಷಾಯ ಕುಡಿಯುತ್ತಿದ್ದ.

4 ಎಂದು ಬಂದಾಗ ಕೈಪಿಡಿ ಮುಚ್ಚಿ ತಿಳಿದವರನ್ನು ಕರೆಯಬೇಕು. ಕರೆದರೆ ಅವರು ಹೇಳುವುದು ಏನಿರಬಹುದು ಎಂದು ಓದುಗರಿಗೆ ಕುತೂಹಲವಿರುತ್ತದೆ. ಈ ಬಣ್ಣಗಳ ಮಟ್ಟಿಗೆ ಮೊದಲ ಮಾತು ಹುಡ್ಡಿನದಲ್ಲ, ಮತ್ತೆ ರೂಪದ್ದೇ. ಅದೇ ಬಣ್ಣ ದೂಳೇಳದಂತೆ ಎಣ್ಣೆ ಸವರಿದ ಪುಡಿಯಾಗಿ, ಕಾಳಾಗಿ, ಕೆಲವು ದ್ರಾವಣವಾಗಿಯೂ ಸಿಗುತ್ತದೆ. ಒಳ್ಳೆಯ ಸರಬರಾಜುದಾರರನ್ನು ಕೇಳಿದರೆ ಕೊಡುತ್ತಾರೆ. ಅದಾದ ಮೇಲೆ ತೂಗುವುದಕ್ಕೆ ಮೂರು ಬದಿ ಮತ್ತು ಮೇಲ್ಭಾಗ ಮುಚ್ಚಿದ, ಹಿಂಬದಿಯಿಂದ ಗಾಳಿ ಎಳೆಯುವ ಗೂಡು. ಡಬ್ಬ, ತಕ್ಕಡಿ, ಬಕೆಟ್ಟು ಮೂರೂ ಅದರೊಳಗೇ ಇರಬೇಕು. ಸುರಿಯುವ ಮೊದಲು ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಪುಡಿಯನ್ನು ಅದಕ್ಕೆ ಜಾರಿಸಿದರೆ ತೊಟ್ಟಿಯವರೆಗೆ ಒಣ ಪುಡಿ ಹೊತ್ತೊಯ್ಯುವ ಪ್ರಸಂಗವೇ ಇಲ್ಲ. ನೆಲಕ್ಕೆ ಬಿದ್ದದ್ದನ್ನು ಕಸಬರಿಗೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಒಂದು ಸಲ ಗುಡಿಸಿದರೆ ಇಡೀ ಬೆಳಗಿನ ದೂಳು ಐದು ನಿಮಿಷದಲ್ಲಿ ಮತ್ತೆ ಏಳುತ್ತದೆ. ಇಷ್ಟೆಲ್ಲ ಆಗುವತನಕ, ಆದ ಮೇಲೂ, ಮುಖಕ್ಕೆ ಸರಿಯಾಗಿ ಕೂರುವ ಫಿಲ್ಟರ್ ಮಾಸ್ಕ್. ಅವನು ಕಟ್ಟಿಕೊಂಡಿದ್ದ ಟವಲು ನುಣ್ಣನೆಯ ದೂಳನ್ನು ತಡೆಯುವುದಿಲ್ಲ. ಜೊತೆಗೆ ತೂಗುವವರೆಲ್ಲರ ಶ್ವಾಸವನ್ನು ಕಾಲಕಾಲಕ್ಕೆ ವೈದ್ಯರು ನೋಡಬೇಕು.

ಹುಡ್ ಎಂದೆ. ಆ ಕೋಣೆಯಲ್ಲಿ ಗಾಳಿ ಎಳೆಯುವುದು ಇರಲಿಲ್ಲ ಎಂದಲ್ಲ. ಗೋಡೆಯಲ್ಲಿ ದೊಡ್ಡ ಎಕ್ಸಾಸ್ಟ್ ಫ್ಯಾನ್ ಇತ್ತು, ಕಟ್ಟೆಯ ಎದುರು ಗೋಡೆಯಲ್ಲಿ, ಅಂದರೆ ತೂಗುವವನ ಬೆನ್ನ ಹಿಂದೆ. ಅದು ಎಳೆದ ದೂಳು ಅವನ ಮುಖ ಸವರಿಕೊಂಡೇ ಆಚೆ ಹೋಗಬೇಕು. ಫ್ಯಾನ್ ನಿಲ್ಲಿಸಿದ್ದರೇ ವಾಸಿ ಇತ್ತು. ಇದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ಎರಡನೆಯ ತಪ್ಪು ದೂರದ್ದು. ದೀಪವನ್ನು ಒಂದು ಮೊಳದಾಚೆಯಿಂದ ಊದಿ ಆರಿಸಬಹುದು. ಅಷ್ಟೇ ದೂರದಿಂದ ಉಸಿರು ಒಳಗೆಳೆದು ಆರಿಸಿ ನೋಡಿ, ಆಗುವುದಿಲ್ಲ. ಊದಿದ ಗಾಳಿ ನೇರ ಹೋಗುತ್ತದೆ, ಎಳೆದ ಗಾಳಿ ಎಲ್ಲ ಕಡೆಯಿಂದಲೂ ಬರುತ್ತದೆ. ಪೈಪಿನ ಬಾಯಿ ಒಂದು ಅಡಿ ಅಗಲವಿದ್ದರೆ, ಅಲ್ಲಿಂದ ಒಂದು ಅಡಿ ಮುಂದಕ್ಕೆ ಎಳೆತದ ವೇಗ ಸುಮಾರು ಹತ್ತನೇ ಒಂದಕ್ಕೆ ಬಿದ್ದಿರುತ್ತದೆ. ಹುಡ್ ಹಾಕಿಸಿದ್ದೇವೆ ಎಂದು ಹೇಳುವ ಎಷ್ಟೋ ಕಡೆ ಹುಡ್ ತಲೆಯ ಮೇಲೆ ಮೂರಡಿ ಎತ್ತರದಲ್ಲಿ ತೂಗುತ್ತಿರುತ್ತದೆ. ಅದಕ್ಕೇ ಗೂಡಿನಂತೆ ಸುತ್ತ ಮುಚ್ಚಬೇಕು ಎನ್ನುವುದು, ಗಾಳಿಗೆ ಒಂದೇ ದಾರಿ ಉಳಿಯಲಿ ಎಂದು. ಗೂಡಿನ ತೆರೆದ ಬಾಯಲ್ಲಿ ಗಾಳಿ ಸೆಕೆಂಡಿಗೆ ಅರ್ಧದಿಂದ ಒಂದು ಮೀಟರ್ ವೇಗದಲ್ಲಿ ಒಳಗೆ ಹೋಗುವಂತಿರಬೇಕು. ವೇಗ ಅಳೆಯುವ ಯಂತ್ರವಿಲ್ಲದಿದ್ದರೆ ಒಂದು ಊದುಬತ್ತಿ ಹಚ್ಚಿ ಬಾಯಿಯ ಉದ್ದಕ್ಕೂ, ನಾಲ್ಕೂ ಮೂಲೆಗೆ ಹಿಡಿದು ನೋಡಿ. ಹೊಗೆ ಅಡ್ಡಡ್ಡ ಒಳಗೆ ಓಡಬೇಕು. ಮೂಲೆಯಲ್ಲಿ ಸುರುಳಿ ಸುತ್ತಿ ಹೊರಗೆ ಬಂದರೆ ದೂಳೂ ಅಲ್ಲಿಂದಲೇ ಹೊರಗೆ ಬರುತ್ತದೆ. ಆಮೇಲೆ ಮೇಲಿನ ಸೀಲಿಂಗ್ ಫ್ಯಾನ್ ಹಾಕಿ ಇನ್ನೊಮ್ಮೆ ನೋಡಿ. ಬಹುತೇಕ ಕಡೆ ಹೊಗೆ ದಿಕ್ಕೆಟ್ಟು ಕೋಣೆಗೆ ಹರಡುವುದು ಆಗ ಕಾಣುತ್ತದೆ. ಊದುಬತ್ತಿ ಹಚ್ಚುವ ಮುನ್ನ ಹೈಡ್ರೋಸ್ ಡಬ್ಬವನ್ನೂ ಥಿನ್ನರಿನಂಥವನ್ನೂ ಆ ಕೋಣೆಯಿಂದ ಹೊರಗೆ ಸಾಗಿಸಿರಬೇಕು.

ಹೈಡ್ರೋಸ್ ಎಂದಾಗ ಈ ವಿಧಾನದ ಕುರುಡು ಜಾಗವೊಂದನ್ನು ಹೇಳಬೇಕು. ಅದರ ಪತ್ರದಲ್ಲಿ H302 ಜೊತೆಗೆ H251 ಎಂದೂ ಇತ್ತು. ತನ್ನಿಂದ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು ಎಂದರ್ಥ. ಒದ್ದೆ ಸೌಟು ಹಾಕಿದರೆ, ಮಳೆಗಾಲದಲ್ಲಿ ಮುಚ್ಚಳ ತೆಗೆದಿಟ್ಟರೆ, ಡಬ್ಬ ಕಾಯತೊಡಗುತ್ತದೆ, ಗಂಧಕದ ಘಾಟು ಹೊಮ್ಮುತ್ತದೆ. ಆ ಘಾಟು ಸಲ್ಫರ್ ಡೈಆಕ್ಸೈಡ್. ಡಬ್ಬದ ಮೇಲೆ ಬರೆದಿರುವುದು ಹೈಡ್ರೋಸ್, ಮೂಗಿಗೆ ಬಂದದ್ದು ಬೇರೊಂದೇ ವಸ್ತು. ಕಂಟ್ರೋಲ್ ಬ್ಯಾಂಡಿಂಗ್ ನೋಡುವುದು ಡಬ್ಬದಲ್ಲಿ ಇರುವುದನ್ನು ಮಾತ್ರ. ಕೆಲಸದ ನಡುವೆ ಹುಟ್ಟುವುದು ಅದರ ಕಣ್ಣಿಗೆ ಬೀಳದು. ವೆಲ್ಡಿಂಗ್ ಹೊಗೆಗೆ, ಕಲ್ಲು ಕೊರೆದಾಗಿನ ದೂಳಿಗೆ ಈ ಕೋಷ್ಟಕ ಹಿಡಿದು ಕೂರಬಾರದು, ಅವಕ್ಕೆ ಬೇರೆಯೇ ಮಾರ್ಗದರ್ಶನವಿದೆ. ಬೆಂಕಿಯ ಅಪಾಯವನ್ನೂ ಇದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಚರ್ಮ ಮತ್ತು ಕಣ್ಣಿಗಾದರೆ ಎಸ್ ಎಂಬ ಇನ್ನೊಂದು ಗುಂಪಿದೆ. ಅದು ಎಯಿಂದ ಇವರೆಗಿನ ಗುಂಪುಗಳ ಬದಲಿಗಲ್ಲ, ಅವುಗಳ ಜೊತೆಗೆ. ಸೌಮ್ಯವೆನಿಸಿದ ಸೋಡಾ ಉಸಿರಿನ ಲೆಕ್ಕದಲ್ಲಿ ಎ, ಕಣ್ಣಿನ ಲೆಕ್ಕದಲ್ಲಿ ಎಸ್. ಎಷ್ಟೇ ಒಳ್ಳೆಯ ಹುಡ್ ಇದ್ದರೂ ಕನ್ನಡಕ ಬೇಕೇ ಬೇಕು.

ದ್ರವಗಳಿಗೆ ದೂಳಿನ ಬದಲು ಆವಿಯ ಲೆಕ್ಕ. ಕೋಣೆಯ ಉಷ್ಣತೆಯಲ್ಲಿ ಬಳಸುವುದಾದರೆ, ಕುದಿಯುವ ಬಿಂದು 150 ಡಿಗ್ರಿಗಿಂತ ಮೇಲಿದ್ದರೆ ಕಡಿಮೆ, 50ಕ್ಕಿಂತ ಕೆಳಗಿದ್ದರೆ ಹೆಚ್ಚು, ನಡುವಿನದು ಮಧ್ಯಮ. ಕಾಯಿಸಿ ಬಳಸುವ ದ್ರವಕ್ಕೆ ಈ ಅಂಕಿ ಹಾಗೇ ನಡೆಯುವುದಿಲ್ಲ, ಬಿಸಿಯಾದಷ್ಟೂ ಒಂದು ಮೆಟ್ಟಿಲು ಮೇಲಕ್ಕೆ ಸರಿಯಬಹುದು. ಕೈಪಿಡಿಯಲ್ಲಿ ಅದಕ್ಕೊಂದು ನಕ್ಷೆಯೇ ಇದೆ.

ನನ್ನನ್ನು ಹೆಚ್ಚು ಕಾಡುವ ದೋಷ ಇವ್ಯಾವುದೂ ಅಲ್ಲ. ಪತ್ರದ ಎರಡನೆಯ ವಿಭಾಗವೇ ಖಾಲಿ ಇದ್ದರೆ? ಬ್ರಿಟನ್ನಿನ ಕೋಷ್ಟಕದಲ್ಲಿ ಬೇರೆಲ್ಲೂ ಸೇರದ ವಸ್ತು ಎ ಗುಂಪಿಗೆ ಬೀಳುತ್ತದೆ. ಪರೀಕ್ಷಿಸಿ ಅಪಾಯ ಕಾಣದೆ ಸಂಖ್ಯೆ ಬರೆಯದಿದ್ದರೆ ಅದು ಸರಿಯೇ. ಪರೀಕ್ಷೆಯನ್ನೇ ಮಾಡದೆ, ಅಥವಾ ಯಾರದೋ ಹಳೆಯ ಪತ್ರ ನಕಲು ಮಾಡಿ ಖಾಲಿ ಬಿಟ್ಟಿದ್ದರೆ, ಅಪರಿಚಿತ ವಸ್ತುವೊಂದು ಅತಿ ಸೌಮ್ಯದ ಪಟ್ಟ ಕಟ್ಟಿಕೊಂಡುಬಿಡುತ್ತದೆ. ಎಂಟನೆಯ ವಿಭಾಗದ ಖಾಲಿ ಜಾಗ ಮಾಲೀಕರನ್ನು ದಾರಿ ತಪ್ಪಿಸಿದಂತೆಯೇ ಇದು ನಮ್ಮನ್ನು ತಪ್ಪಿಸುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಷ್ 2019ರಲ್ಲಿ ತಂದ ಪದ್ಧತಿ ಈ ವಿಷಯದಲ್ಲಿ ಹೆಚ್ಚು ಎಚ್ಚರದ್ದು. ಕ್ಯಾನ್ಸರ್, ಅಲರ್ಜಿ, ಅಂಗಾಂಗ ಹಾನಿ ಮುಂತಾಗಿ ಒಂದೊಂದರ ಬಗ್ಗೆ ಎಷ್ಟು ಮಾಹಿತಿ ಇದೆ ಎಂದು ಅಂಕ ಕೊಡುತ್ತ ಹೋಗಿ, ಒಟ್ಟು ಸಾಲದಿದ್ದರೆ ಗುಂಪು ಹೇಳಲು ಅದು ಒಪ್ಪುವುದಿಲ್ಲ. ಹಾಗಾಗಿ ಖಾಲಿ ಪತ್ರ ಕಂಡರೆ ಅದೇ ವಸ್ತುವಿಗೆ ಬೇರೆ ತಯಾರಕರು ಏನು ಬರೆದಿದ್ದಾರೆ ನೋಡಿ, ಸಿಎಎಸ್ ಸಂಖ್ಯೆ ಹಿಡಿದು ಹುಡುಕಿ, ಆಗಲೂ ಸಿಗದಿದ್ದರೆ ಕನಿಷ್ಠ ಸಿ ಗುಂಪೆಂದು ಹಿಡಿಯಿರಿ ಎನ್ನುವುದು ನನ್ನ ಸ್ವಂತ ರೂಢಿ.

ಕೋಷ್ಟಕ ಹೇಳಿದ್ದನ್ನು ಮಾಡಿದರೂ ಗಾಳಿ ನಿಜಕ್ಕೂ ಶುದ್ಧವಾಗಿದೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಜೋನ್ಸ್ ಮತ್ತು ನಿಕಾಸ್ ಎಂಬ ಅಮೆರಿಕದ ಸಂಶೋಧಕರು 2006ರಲ್ಲಿ, ಚೀಲಕ್ಕೆ ಪುಡಿ ತುಂಬುವ ಕೆಲಸ ಮತ್ತು ಲೋಹದ ಜಿಡ್ಡು ತೆಗೆಯುವ ಕೆಲಸಗಳಲ್ಲಿ ಅಳೆದ ಅಂಕಿಗಳನ್ನು ಕೋಷ್ಟಕದ ಅಂದಾಜಿನೊಂದಿಗೆ ಹೋಲಿಸಿ ನೋಡಿದರು. ಗಾಳಿ ಎಳೆಯುವ ವ್ಯವಸ್ಥೆ ಇದ್ದೂ ಅಂದಾಜು ಮೀರಿದ ಪ್ರಸಂಗಗಳು ಗಣನೀಯವಾಗಿಯೇ ಇದ್ದವು. ಹುಡ್ ಇದೆ ಎಂಬುದು ಒಂದು, ಹುಡ್ ಕೆಲಸ ಮಾಡುತ್ತಿದೆ ಎಂಬುದು ಇನ್ನೊಂದು. ಇ ಅಥವಾ ಡಿ ಗುಂಪಿನ ವಸ್ತುವಿದ್ದಲ್ಲಿ ಒಂದು ಸಲವಾದರೂ ಗಾಳಿಯ ಮಾದರಿ ತೆಗೆಸುವ ಖರ್ಚು ದಂಡವಾಗುವುದಿಲ್ಲ.

ಆ ಘಟಕಕ್ಕೆ ಮತ್ತೆ ಹೋದಾಗ ನಾಲ್ಕು ತಿಂಗಳಾಗಿತ್ತು. ಸೋಡಾ ಡೆನ್ಸ್ ಆಗಿತ್ತು. ತಗಡಿನವರಿಂದ ಮಾಡಿಸಿದ ಗೂಡಿನೊಳಗೆ ತಕ್ಕಡಿ ಸೇರಿತ್ತು, ಎಕ್ಸಾಸ್ಟ್ ಫ್ಯಾನ್ ಅದರ ಹಿಂಬದಿಗೆ ಬಂದಿತ್ತು, ಚೀಲದ ಫಿಲ್ಟರಿನ ಮೂಲಕ. ಕಪ್ಪು ಬಣ್ಣ ಕಾಳಿನ ರೂಪದಲ್ಲಿ ಬರುತ್ತಿತ್ತು, ಕಿಲೋಗೆ ಸ್ವಲ್ಪ ಹೆಚ್ಚು ಬೆಲೆ ಕೊಟ್ಟು. ಕೆಂಪಿಗೆ ಇನ್ನೂ ಕಾಳು ಸಿಕ್ಕಿರಲಿಲ್ಲ, ಅದನ್ನು ಮಾಸ್ಕ್ ಹಾಕಿಕೊಂಡೇ ತೂಗುತ್ತಿದ್ದರು. ಬಿಸಿಲಿನ ಕೋಲು ಅದೇ ಜಾಗದಲ್ಲಿ ಬೀಳುತ್ತಿತ್ತು. ಕಪ್ಪು ಸುರಿಯುವಾಗ ಅದರಲ್ಲಿ ಏನೂ ಕಾಣಲಿಲ್ಲ, ಕೆಂಪು ಸುರಿದಾಗ ತೆಳುವಾಗಿ ಎದ್ದದ್ದು ಗೂಡಿನ ಹಿಂದಕ್ಕೆ ಓರೆಯಾಗಿ ಸರಿದುಹೋಯಿತು.

ಹಳೆಯ ಹುಡುಗ ಅಲ್ಲಿರಲಿಲ್ಲ. ಒಮ್ಮೆ ಅಲರ್ಜಿ ಹತ್ತಿದವರಿಗೆ ಗೂಡಿನ ಮುಂದೆ ನಿಂತರೂ ಸಾಲದು, ಆ ಕೆಲಸದಿಂದಲೇ ದೂರವಿರಬೇಕು. ಅದೇ ಪಗಾರಿನಲ್ಲಿ ಅವನನ್ನು ಲಡಿ ಒಣಗಿಸುವ ಕಡೆಗೆ ಹಾಕಿದ್ದರು. ವೈದ್ಯರು ಕೊಟ್ಟ ಪೀಕ್ ಫ್ಲೋ ಮೀಟರಿಗೆ ದಿನಕ್ಕೆ ನಾಲ್ಕು ಸಲ ಜೋರಾಗಿ ಊದಿ, ಮುಳ್ಳು ನಿಂತ ಅಂಕಿಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದ. ತೂಗುವ ಕೋಣೆಯಲ್ಲಿದ್ದ ವಾರಗಳಲ್ಲಿ ಸೋಮವಾರದಿಂದ ಶನಿವಾರಕ್ಕೆ ಅಂಕಿ ಇಳಿಯುತ್ತ ಹೋಗಿ ರವಿವಾರ ಏರಿದ್ದು ಸಾಲು ಸಾಲಾಗಿ ಕಾಣುತ್ತಿತ್ತು. ಕೊನೆಯ ಎರಡು ಪುಟಗಳಲ್ಲಿ ರವಿವಾರವನ್ನು ಬೇರೆ ದಿನಗಳಿಂದ ಗುರುತಿಸಲು ಆಗಲಿಲ್ಲ.